ಮಾವನ ಎದುರು ನಿಂತ ವರ್ಷ

ನನ್ನ ತವರು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ. ಮಳೆ ನಂಬಿಕೊಂಡು ರಾಗಿ, ಹುರುಳಿ ಬೆಳೆಯುವ ಸೀಮೆ. ಅಲ್ಲಿಂದ ಕ್ಯಾತನಹಳ್ಳಿಗೆ ಸೊಸೆಯಾಗಿ ಬಂದಾಗ ಮನೆ ಹಿಂದಿನ ಕಾಲುವೆಯಲ್ಲಿ ನೀರು ಸುಮ್ಮನೆ ಹರಿದು ಹೋಗುವುದನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತುಬಿಡುತ್ತಿದ್ದೆ. ಕೇಳದೆ ಬರುವ ನೀರು. ಅದನ್ನು ಕೊಟ್ಟ ದೇವರಿಗೆ ದಿನಾ ಬೆಳಗ್ಗೆ ಒಂದು ಕೈಮುಗಿಯುವ ಅಭ್ಯಾಸ ಅವತ್ತು ಶುರುವಾಗಿದ್ದು, ಇವತ್ತಿಗೂ ಬಿಟ್ಟಿಲ್ಲ.

ಆ ಮನೆಯಲ್ಲಿ ನಾನು ಮೊದಲು ಕಲಿತದ್ದು ಮಾವನ ಜೊತೆ ಮಾತಾಡುವ ರೀತಿ. ನಮ್ಮಪ್ಪನ ಎದುರು ಕೂತು ನಾನು ವಾದ ಮಾಡಿದವಳು. ಇಲ್ಲಿ ಹಾಗಿಲ್ಲ. ಸೊಸೆಯಾದವಳು ಮಾವನ ಎದುರು ನಿಲ್ಲುವ ಹಾಗಿಲ್ಲ, ಮುಖ ಕೊಟ್ಟು ಮಾತಾಡುವ ಹಾಗಿಲ್ಲ. ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು, ಸೆರಗು ಬಾಯಿಗೆ ಅಡ್ಡ ಹಿಡಿದು, ಗೋಡೆಗೆ ಹೇಳಿದ ಹಾಗೆ ಮೆಲ್ಲಗೆ ಹೇಳಬೇಕು. ಅದೂ "ಊಟಕ್ಕೆ ಬನ್ನಿ" ಅಂತಲ್ಲ. "ಅಡುಗೆ ಆಯ್ತು, ಬರ್ಬೋದು" ಅಂತ. ಯಾರಿಗೆ ಅಂತ ಹೇಳುವಂತಿಲ್ಲ. ಅದು ಮರ್ಯಾದೆ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ವರ್ಷಗಟ್ಟಲೆ ಹಾಗೇ ನಡೆಸಿಕೊಂಡು ಬಂದೆ. ನನ್ನ ದನಿ ನಡುಮನೆ ದಾಟುವುದಿಲ್ಲ ಅಂತ ಬಂದವರ ಮುಂದೆ ಅತ್ತೆ ಹೊಗಳುತ್ತಿದ್ದರು.

ಅತ್ತೆಯ ದನಿ ಮಾತ್ರ ಊರ ಬಾಗಿಲಿಗೆ ಕೇಳುತ್ತಿತ್ತು. ಮಾವನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತರೆಂದರೆ ಮುಗಿಯಿತು.

"ಓ ಗೌಡ್ರೆ, ಬೆಳ್ಳೂರಿಂದ ಬಂದವ್ರು ಕೇಳ್ತಾವ್ರೆ, ಹೋರಿ ಕೊಡ್ತೀರೋ ಇಲ್ವೋ ಅಂತ. ಬಾಯ್ನಲ್ಲಿ ಕಡುಬು ಮಡಿಕ್ಕೊಂಡಿದ್ದೀರಾ?"

ಬೆಳ್ಳೂರಿನವರು ಅದೇ ಜಗಲಿಯ ಮೇಲೆ ಕೂತು ಅದೇ ಮಾತನ್ನು ಆಗತಾನೆ ಕೇಳಿರುತ್ತಿದ್ದರು. ಆದರೂ ಅತ್ತೆ ಅದನ್ನು ಮತ್ತೊಂದು ಸಲ ಹೇಳಿ, ಒಂದು ಚುಚ್ಚುಮಾತು ಸೇರಿಸಿ, ಮಾವನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಮಾವ ನಗುತ್ತಾ ಉತ್ತರ ಕೊಡುತ್ತಿದ್ದರು. ಹೆಂಗಸು ಸ್ವಲ್ಪ ಬಾಯಿ ಜೋರು, ಗಂಡ ದೇವರಂಥವನು ಅಂತ ಊರಲ್ಲಿ ಮಾತು. ನಾನೂ ಹಾಗೇ ಅಂದುಕೊಂಡಿದ್ದೆ. ದೇವರು ಆ ತಪ್ಪನ್ನು ಕ್ಷಮಿಸಲಿ.

ಮಾವನದು ಪಾಕ ನೋಡುವ ಕೈ. ನಮ್ಮದೇ ಆಲೆಮನೆ ಇತ್ತು, ಕಬ್ಬಿನ ಗದ್ದೆ ಅಂಚಿನಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ರಸ ಕುದಿಕುದಿದು ಬೆಲ್ಲವಾಗುವ ಹೊತ್ತು ಅಂತ ಒಂದು ಇರುತ್ತದಲ್ಲ, ಅದನ್ನು ಹಿಡಿಯುವುದು ಎಲ್ಲರಿಗೂ ಬರುವುದಿಲ್ಲ. ಚೂರು ಬೇಗ ಇಳಿಸಿದರೆ ಬೆಲ್ಲ ಗಟ್ಟಿ ಕಟ್ಟುವುದಿಲ್ಲ, ಚೂರು ತಡವಾದರೆ ಕಪ್ಪಾಗಿ ಕಹಿಯಾಗುತ್ತದೆ. ಮಾವ ನೊರೆಯ ಬಣ್ಣ ನೋಡುತ್ತಿದ್ದರು, ಕಲಕುವ ಮರದ ಹುಟ್ಟಿನಿಂದ ಇಳಿಯುವ ಎಳೆ ನೋಡುತ್ತಿದ್ದರು, ಕೊನೆಗೆ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಒತ್ತಿ ನೋಡುತ್ತಿದ್ದರು. "ಇಳ್ಸಿ" ಅಂದರೆ ಇಳಿಸಬೇಕು. ಪಕ್ಕದ ಊರುಗಳ ಆಲೆಮನೆಯವರೂ ವರ್ಷದ ಮೊದಲ ಕೊಪ್ಪರಿಗೆಗೆ ಅವರನ್ನು ಕರೆದೊಯ್ಯುತ್ತಿದ್ದರು.

ತೊಂಬತ್ತರ ದಶಕದ ನಡುವೆ ಒಂದು ಮಾಘಮಾಸದಲ್ಲಿ ಅತ್ತೆ ಹೋದರು. ಎರಡೇ ದಿನದ ಜ್ವರ.

ಆಮೇಲೆ ಮಾವ ಬದಲಾದರು. ಕೇಳಿದ್ದೊಂದು, ಹೇಳುವುದೊಂದು. ನಾನು ಬಾಗಿಲ ಮರೆಯಿಂದ "ಸ್ನಾನಕ್ಕೆ ನೀರು ಕಾದದೆ" ಅಂದರೆ "ಊಂ" ಅಂತ ಕೂತೇ ಇರುತ್ತಿದ್ದರು. ನೀರು ಆರಿ ಹೋಗುತ್ತಿತ್ತು. ನೆಂಟರು ಬಂದು ಕುಶಲ ಕೇಳಿದರೆ ನಾಲೆ ನೀರಿನ ಸುದ್ದಿ ಹೇಳುತ್ತಿದ್ದರು. ನಮ್ಮ ಮಗಳಿಗೆ ಆಗ ಆರು ವರ್ಷ. ಶಾಲೆಯಿಂದ ಓಡಿ ಬಂದು ತಾತನ ಬೆನ್ನಿಗೆ ಬಿದ್ದು ಏನೇನೋ ಹೇಳುತ್ತಿದ್ದಳು. ತಾತ ಎಲ್ಲದಕ್ಕೂ ತಲೆ ಆಡಿಸುತ್ತಿದ್ದರು. ಒಂದು ದಿನ ಅವಳು, "ತಾತ, ನಾನು ಬಾವಿಗೆ ಬಿದ್ದೋದೆ" ಅಂತ ಬೇಕಂತಲೇ ಅಂದಳು. ಅದಕ್ಕೂ ಅವರು ನಕ್ಕು "ಒಳ್ಳೇದು ಮಗ" ಅಂದರು. ಅವತ್ತಿನಿಂದ ಮಗು ಅವರ ಹತ್ತಿರ ಹೋಗುವುದನ್ನೇ ಬಿಟ್ಟಿತು.

ಮಾವನೂ ಜನರ ಹತ್ತಿರ ಹೋಗುವುದನ್ನು ಬಿಟ್ಟರು. ಸಂಜೆ ಅರಳಿಕಟ್ಟೆಗೆ ಹೋಗುತ್ತಿದ್ದವರು ನಿಲ್ಲಿಸಿದರು. ಮದುವೆ, ತಿಥಿ ಎಲ್ಲಕ್ಕೂ "ನೀವು ಓಗ್ಬನ್ನಿ" ಅನ್ನುವುದು. ಜಗಲಿಯ ಮೂಲೆಯಲ್ಲಿ ರಸ್ತೆಗೆ ಬೆನ್ನು ಮಾಡಿ, ಹಗ್ಗ ಹೊಸೆಯುತ್ತಾ ಕೂರುವುದು. ಯಾರೂ ಮಾತಾಡಿಸದ ಹಾಗೆ ಕೂರುವುದನ್ನು ಅವರು ಕಲಿತುಕೊಂಡಿದ್ದರು ಅಂತ ಈಗ ತಿಳಿಯುತ್ತದೆ. ಆಗ, "ಹೆಂಡ್ತಿ ಹೋದ ದುಃಖ, ತಲೆಗೆ ಹತ್ತದೆ" ಅಂದರು ಜನ. ಕೆಲವರು ಬಾಯಿಬಿಟ್ಟೇ ಅಂದರು, ಗೌಡರಿಗೆ ಅರಳುಮರಳು ಅಂತ.

ಆ ವರ್ಷ ಆಲೆಮನೆಯಲ್ಲಿ ಆದದ್ದು ಅದಕ್ಕೆ ಮುದ್ರೆ ಒತ್ತಿತು. ಹಿಂದೆ ನಮ್ಮ ಗಾಣ ಎತ್ತಿನದು, ಸದ್ದಿಲ್ಲದ್ದು. ಆಮೇಲೆ ಡೀಸೆಲ್ ಎಂಜಿನ್ ಬಂತು. ಅದು ಹೊಡೆದುಕೊಳ್ಳುವ ಸದ್ದಿಗೆ ಕಿವಿ ನೆಟ್ಟಗಿದ್ದವರಿಗೇ ಮಾತು ಕೇಳದು. ಒಲೆಗೆ ಕಬ್ಬಿನ ಸಿಪ್ಪೆ ಹಾಕಿ ಉರಿ ನೋಡಿಕೊಳ್ಳುವ ಆಳು ಕೆಳಗೆ ಗುಂಡಿಯಲ್ಲಿರುತ್ತಾನೆ. ಹಿಂದಿನವನು ಕೇಳದೆಯೇ ಉರಿ ಅರಿತವನು, ಆ ವರ್ಷ ಹೊಸಬ. ಪಾಕ ಹತ್ತಿರ ಬಂದಾಗ ಅವನು ಮಾವನ ಬೆನ್ನ ಹಿಂದಿನಿಂದ, "ಗೌಡ್ರೆ, ಇನ್ನೂ ಉರಿ ಹಾಕ್ಲಾ?" ಅಂತ ಕೇಳಿದ. ಏನೋ ಕೇಳಿದ ಅಂತ ಮಾತ್ರ ಮಾವನಿಗೆ ಗೊತ್ತಾಗಿದೆ. "ಊಂ, ಊಂ" ಅಂದಿದ್ದಾರೆ. ಅವನು ಎರಡು ಕಂತೆ ಸಿಪ್ಪೆ ತುರುಕಿದ. ಮಾವ ತಣ್ಣೀರಿನಲ್ಲಿ ಪಾಕ ನೋಡಿ ತಲೆ ಎತ್ತುವಷ್ಟರಲ್ಲಿ ಕೊಪ್ಪರಿಗೆ ಸೀದು ಕಪ್ಪಾಗಿತ್ತು.

ಊರವರೆಲ್ಲ ನೋಡಿದರು. ನಮ್ಮ ಯಜಮಾನರು ಮನೆಗೆ ಬಂದವರು ತಲೆ ಮೇಲೆ ಕೈಹೊತ್ತು ಕೂತರು.

"ಉರಿ ಹಾಕು ಅಂತ ಅಪ್ಪನೇ ಹೇಳ್ತಂತೆ ಕಣೆ. ಪಾಕ ಬಂದಿರೋ ಹೊತ್ನಲ್ಲಿ ಉರಿ ಹಾಕು ಅಂತ ಬುದ್ಧಿ ಇರೋರು ಹೇಳ್ತಾರಾ? ನಾಳೆ ಕಾಲುಜಾರಿ ಆ ಕೊಪ್ಪರಿಗೆಗೇ ಬಿದ್ರೆ? ಮುಂದ್ಲ ವರ್ಷದಿಂದ ಬೇರೆ ಪಾಕದೋರ್ನ ಕರ್ಸ್ತೀನಿ."

ಅಪ್ಪನ ಮೇಲೆ ಅವರಿಗಿದ್ದ ಪ್ರೀತಿ ನನಗೆ ಗೊತ್ತು. ಹೆದರಿಕೆಯಿಂದ ಆಡಿದ ಮಾತು ಅದು. ಆದರೆ ಮಾವನಿಗೆ ಅದನ್ನು ಹೇಗೋ ತಿಳಿಸಿದಾಗ ಅವರು ಪಾಕ ನೋಡುವ ಹುಟ್ಟನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಇಟ್ಟರು. ನಾನು ಬಾಗಿಲ ಮರೆಯಿಂದಲೇ ನೋಡಿದೆ.

ಊರ ಹತ್ತಿರದ ಪೇಟೆಯಲ್ಲಿ ಒಬ್ಬ ಡಾಕ್ಟರ ಹತ್ತಿರವೂ ಯಜಮಾನರು ಅವರನ್ನು ಕರೆದೊಯ್ದರು. ಡಾಕ್ಟರು ತಲೆ ಬಗ್ಗಿಸಿ ಚೀಟಿ ಬರೆಯುತ್ತಲೇ, "ಇವತ್ತು ಯಾವ ವಾರ? ಈ ಊರು ಯಾವುದು?" ಅಂತ ಕೇಳಿದರಂತೆ. ಹೊರಗೆ ಜನ ಗಿಜಿಗಿಜಿ, ಮೇಲೆ ಫ್ಯಾನು. ಮಾವ "ಊಟ ಆಯ್ತು ಸ್ವಾಮಿ" ಅಂದರಂತೆ. ವಯಸ್ಸಾದ ಮೇಲೆ ಬರುವ ಮರೆವು ಅಂತ ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ನುಂಗಿ ಮಾವ ಹಗಲೆಲ್ಲ ತೂಕಡಿಸತೊಡಗಿದರು. ನೋಡಿದವರು ಇನ್ನೂ ಜಾಸ್ತಿಯಾಗಿದೆ ಅಂದರು. ನಾನು ಬೆಟ್ಟದ ಸ್ವಾಮಿಗೆ ಹರಕೆ ಕಟ್ಟಿಕೊಂಡೆ. ಬುದ್ಧಿ ವಾಪಸ್ ಕೊಡಪ್ಪ ಅಂತ. ಅವರ ಬುದ್ಧಿ ಎಲ್ಲೂ ಹೋಗಿರಲಿಲ್ಲ. ಸ್ವಾಮಿ ನನ್ನ ಹರಕೆ ಕೇಳಿ ನಕ್ಕಿರಬೇಕು.

ಆವತ್ತು ಶ್ರಾವಣ ಸೋಮವಾರ. ಯಜಮಾನರು ಯಾವುದೋ ಮದುವೆ ಮಾತುಕತೆಗೆ ಕೆ.ಆರ್. ಪೇಟೆಗೆ ಹೋಗಿದ್ದರು. ಮಧ್ಯಾಹ್ನ ಹಿತ್ತಲಲ್ಲಿ ನಮ್ಮ ಎಮ್ಮೆ ನೋವು ತಿನ್ನುತ್ತಿತ್ತು. ಬೆಳಗಿನಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ. ಒಂದು ಗೊರಸು ಕಾಣುತ್ತಿದೆ, ಮೂತಿ ಕಾಣುತ್ತಿದೆ, ಅಷ್ಟೇ. ದನದ ಡಾಕ್ಟರು ಬೇರೆ ಊರಿಗೆ ಹೋಗಿದ್ದಾರೆ ಅಂತ ಸುದ್ದಿ ಬಂತು. ಎಮ್ಮೆ ಕಾಲು ಸೋತು ಮಲಗಿಬಿಟ್ಟಿತು. ಓಡಿದೆ. ಸೆರಗು ಎಲ್ಲಿ ಹೋಯಿತೋ, ತಲೆ ಬಿಚ್ಚಿಹೋಗಿತ್ತೋ, ಒಂದೂ ಪರಿವೆಯಿಲ್ಲ. ಜಗಲಿಗೆ ಹೋಗಿ ಮಾವನ ಎದುರಿಗೇ ನಿಂತೆ. ಬಿಸಿಲು ನೇರ ನನ್ನ ಮುಖಕ್ಕೆ ಹೊಡೆಯುತ್ತಿತ್ತು.

"ಮಾವ, ಎಮ್ಮೆ ಮಲೀಕ್ಕೊಂಡ್ಬುಡ್ತು. ಕರ ಸಿಗಾಕ್ಕೊಂಡದೆ!"

ಅವರು ನನ್ನ ಬಾಯಿಯನ್ನೇ ನೋಡಿದರು. ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟು ತಟ್ಟನೆ ಎದ್ದರು.

"ಕಾಲು ಎಲ್ಡೂ ಬಂದವಾ, ಒಂದೇಯಾ?"

"ಒಂದೇ. ಮೂತಿ ಬಂದದೆ."

"ಇನ್ನೊಂದು ಕಾಲು ಒಳೀಕೆ ಮಡಚ್ಕಂಡದೆ ಬುಡು. ಎದ್ರಬೇಡ ಕಣವ್ವ. ಬಿಸ್ನೀರು, ಸೋಪು, ಹಳ್ಳೆಣ್ಣೆ ತತ್ತಾ."

ಅಷ್ಟು ತಿಂಗಳಲ್ಲಿ ಅವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಕೈ ತೊಳೆದು, ಮೊಣಕೈವರೆಗೂ ಎಣ್ಣೆ ಹಚ್ಚಿಕೊಂಡರು. ಎಮ್ಮೆ ತಿಣುಕುವುದನ್ನು ನಿಲ್ಲಿಸುವವರೆಗೂ ಕಾದು, ಕರುವನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಮಡಚಿದ ಕಾಲಿನ ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಒಳಗೆ ಎಲ್ಲೂ ಗೀರದ ಹಾಗೆ ಮುಂದಕ್ಕೆ ತಂದರು. ನಾನು ಹಿಂದೆ ನಿಂತು, "ಇನ್ನಷ್ಟು ನೀರು ತರ್ಲಾ ಮಾವ?" ಅಂದೆ. ಉತ್ತರವಿಲ್ಲ. ಮತ್ತೆ ಕೇಳಿದೆ, ಇಲ್ಲ. ಮುಂದೆ ಬಂದು ಕೇಳಿದೆ. "ಊಂ, ತತ್ತಾ" ಅಂದರು. ಎಮ್ಮೆ ಮತ್ತೆ ತಿಣುಕಿದಾಗ ಅದರ ಜೊತೆಗೇ ಎಳೆದರು. ಹೆಣ್ಣುಕರು, ಜೀವಂತ. ಮೂಗು ಒರೆಸಿ ತಾಯಿಯ ಮುಂದೆ ಮಲಗಿಸಿ, ಸುಸ್ತಾಗಿ ಗೋಡೆಗೆ ಒರಗಿದ ಮಾವನನ್ನು ನಾನು ನೋಡುತ್ತಾ ನಿಂತೆ. ಈ ಮನುಷ್ಯನಿಗೆ ಅರಳುಮರಳಂತೆ!

ಆಮೇಲೆ ಮೂರು ದಿನ ನಾನು ಕಳ್ಳಿಯ ಹಾಗೆ ಪರೀಕ್ಷೆ ಮಾಡಿದೆ. ಬಾಗಿಲ ಮರೆಯಿಂದ ಕಾಫಿ ಬೇಕಾ ಅಂದರೆ ಬರೀ ಊಂಕಾರ. ಎದುರಿಗೆ ಹೋಗಿ, ಬೆಳಕಿನಲ್ಲಿ ನಿಂತು ಕೇಳಿದರೆ, "ಈಗ್ಲೇ ಬ್ಯಾಡ ಕಣವ್ವ, ಆಮ್ಯಾಕೆ." ಕೂಗಿ ಹೇಳಿದರೆ ಮುಖ ಕಿವುಚುತ್ತಿದ್ದರು, ಅರ್ಥವೂ ಆಗುತ್ತಿರಲಿಲ್ಲ. ಮೆಲ್ಲಗೆ, ಬಿಡಿಸಿ ಹೇಳಿದರೆ ಆಗುತ್ತಿತ್ತು. ಮುಖ ಕಾಣದಿದ್ದರೂ ಯಜಮಾನರ ದಪ್ಪ ದನಿ ಅರ್ಧಂಬರ್ಧ ಮುಟ್ಟುತ್ತಿತ್ತು. ಮುಖ ಕಾಣದೆ ನನ್ನದು, ಮಗುವಿನದು ಮುಟ್ಟುತ್ತಲೇ ಇರಲಿಲ್ಲ. ನಾನು ಯಾವುದನ್ನು ಮರ್ಯಾದೆ ಅಂದುಕೊಂಡಿದ್ದೆನೋ ಅದೇ ಅವರನ್ನು ಹುಚ್ಚರನ್ನಾಗಿ ಮಾಡಿತ್ತು. ಸೆರಗು ಅಡ್ಡ ಹಿಡಿದ ಬಾಯಿ, ಗೋಡೆ ಕಡೆ ತಿರುಗಿದ ಮುಖ, ನಡುಮನೆ ದಾಟದ ದನಿ.

ಗುರುವಾರ ಸಂಜೆ ದೇವರಿಗೆ ದೀಪ ಹಚ್ಚಿ ಯಜಮಾನರಿಗೆ ಹೇಳಿದೆ.

"ಮಾವನಿಗೆ ಬುದ್ಧಿ ಸರಿಯಾಗೇ ಅದೆ. ಕಿವಿ ಕೇಳಲ್ಲ."

"ನಿಂಗ್ಯಾರು ಹೇಳಿದ್ದು?"

"ಎದುರ್ಗೆ ನಿಂತು ಮಾತಾಡ್ದೆ."

ಅವರ ಮುಖ ಕೆಂಪಾಯಿತು. "ಅಪ್ಪನ ಎದುರ್ಗೆ ನಿಂತು ಮಾತಾಡುದ್ಯಾ? ನಮ್ಮವ್ವ ಇದ್ದಿದ್ರೆ..."

"ಊಂ ಮಾತಾಡ್ದೆ. ಕರ ಬದುಕ್ತು."

"ಟ್ರಾಕ್ಟರು ಬಂದ್ರೆ ಊರಾಚೆಯಿಂದ್ಲೇ ಗೊತ್ತಾಯ್ತದೆ ಅವ್ರಿಗೆ. ಕಿವುಡ್ರಿಗೆ ಟ್ರಾಕ್ಟರು ಕೇಳ್ತದಾ?"

"ಬನ್ನಿ, ನೀವೇ ನೋಡಿ" ಅಂತ ಜಗಲಿಗೆ ಕರೆದೆ. ಲಾಂದ್ರ ತಂದು ನನ್ನ ಪಕ್ಕಕ್ಕಿಟ್ಟುಕೊಂಡು ಮಾವನ ಎದುರು ಕೂತೆ. ಗಂಡನ ಮುಂದೆ, ಮಾವನ ಮುಖಕ್ಕೆ ಮುಖ ಕೊಟ್ಟು.

"ಮಾವ, ನಮ್ಮ ತೂಬಿನ ನೀರು ಯಾವ್ಯಾವ ದಿನ ಯಾರ್ಯಾರ ಗದ್ದೆಗೆ?"

ಮಾವ ಒಂದು ಗಳಿಗೆ ನೋಡಿದರು. ಆಮೇಲೆ ಸೋಮವಾರದಿಂದ ಶುರುಮಾಡಿ ಏಳೂ ದಿನದ ಸರದಿ ಹೇಳಿದರು. ಯಾರ ಗದ್ದೆಗೆ ಬೆಳಗ್ಗೆ, ಯಾರದಕ್ಕೆ ಸಂಜೆ, ಯಾರ ತಾತ ಯಾರಿಗೆ ಅರ್ಧ ದಿನ ಬಿಟ್ಟುಕೊಟ್ಟದ್ದು, ಎಲ್ಲ. ಕೊನೆಗೆ ಮಗನ ಕಡೆ ತಿರುಗಿ, "ಹೋದ್ ವಾರ ಶುಕ್ರವಾರದ ನೀರ ನೀನು ಕಟ್ಟದೆ ಮಲೀಕ್ಕಂಡಿದ್ದೆಯಲ್ಲೋ" ಅಂದರು.

ಯಜಮಾನರು ಎದ್ದು ಹಿತ್ತಲಿಗೆ ಹೋದರು. ಎಷ್ಟೋ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ತೊಳೆದುಕೊಂಡಿದ್ದರು. ಮಾತ್ರೆಯ ಚೀಟಿಯನ್ನು ಗೋಡೆಯ ಗೂಡಿನಿಂದ ತೆಗೆದುಕೊಂಡು, "ಮೈಸೂರಿಗೆ ಓಗವ. ಇದನ್ನೂ ತೋರಿಸಿ ಕೇಳವ" ಅಂದರು.

ಮೈಸೂರಿನ ಬಸ್ಸು ಪಟ್ಟಣ ದಾಟುವಾಗ ಕಿಟಕಿಯಿಂದಲೇ ರಂಗನಾಥನ ಗೋಪುರಕ್ಕೆ ಕೈಮುಗಿದೆ. ಪಕ್ಕದಲ್ಲಿ ಮಾವನೂ ಮುಗಿದರು. ಏನು ಬೇಡಿಕೊಂಡರೋ.

ಅಲ್ಲಿ ಕಿವಿ ಡಾಕ್ಟರು ಮೊದಲು ದೀಪ ಬಿಟ್ಟು ಕಿವಿ ನೋಡಿ ಗುಗ್ಗೆ ತೆಗೆದರು. ಮರೆವಿನ ಮಾತ್ರೆಯ ಚೀಟಿ ನೋಡಿ, ಕಿವಿ ಪರೀಕ್ಷೆ ಆಗುವವರೆಗೆ ಅದು ಬೇಡ ಅಂದರು. ಆಮೇಲೆ ಸದ್ದು ಒಳಗೆ ಬಾರದ ಒಂದು ಚಿಕ್ಕ ಕೋಣೆಯಲ್ಲಿ ಮಾವನನ್ನು ಕೂರಿಸಿ, ಕಿವಿಗೆರಡು ಬಟ್ಟಲಿನಂಥದ್ದನ್ನು ಹಾಕಿದರು. ಸದ್ದು ಕೇಳಿದಾಗ ಬೆರಳೆತ್ತಬೇಕು, ಎಷ್ಟು ಸಣ್ಣದಾದರೂ. ಪರೀಕ್ಷೆ ಮಾಡಿದ್ದು ಒಬ್ಬ ಹೆಣ್ಣುಮಗಳು. ಮೂವತ್ತೂ ಆಗಿರಲಿಲ್ಲ. ಗಾಜಿನಾಚೆ ನಾವು ನೋಡುತ್ತಿದ್ದೆವು. ಮಾವನ ಬೆರಳು ಮೊದಮೊದಲು ಚುರುಕಾಗಿ ಏಳುತ್ತಿತ್ತು. ಆಮೇಲೆ ಏಳಲಿಲ್ಲ. ಎಷ್ಟು ಹೊತ್ತಾದರೂ ಏಳಲಿಲ್ಲ. ಆ ಸುಮ್ಮನಿದ್ದ ಬೆರಳು ನೋಡಿ ಯಜಮಾನರು ನನ್ನ ಕೈ ಹಿಡಿದುಕೊಂಡರು. ಜನರ ಮುಂದೆ ಅವರು ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅವತ್ತೇ.

ಆ ಹುಡುಗಿ ಹೊರಬಂದು ನಮ್ಮ ಜೊತೆ ಮಾತಾಡಲಿಲ್ಲ. ಮಾವನ ಎದುರು ಕುರ್ಚಿ ಹಾಕಿಕೊಂಡು, ಅವರ ಮುಖದ ಸಮಕ್ಕೆ ಕೂತು, ಅವರಿಗೇ ಹೇಳಿದಳು. ಆ ಒಂದು ಕೆಲಸಕ್ಕೆ ಅವಳ ಹೊಟ್ಟೆ ತಣ್ಣಗಿರಲಿ ಅಂತ ಇವತ್ತೂ ಬೇಡಿಕೊಳ್ಳುತ್ತೇನೆ. ಕೈಯಲ್ಲಿದ್ದ ಹಾಳೆಯಲ್ಲಿ ಒಂದು ಗೆರೆ, ಕೆರೆ ಏರಿಯಿಂದ ಇಳಿದ ಹಾಗೆ ಬಲಕ್ಕೆ ಜಾರಿತ್ತು.

"ನೋಡಿ ತಾತ, ದಪ್ಪ ಸದ್ದು ನಿಮಗೆ ಚೆನ್ನಾಗಿ ಕೇಳುತ್ತೆ. ಎಂಜಿನ್ನು, ಟ್ರಾಕ್ಟರು, ಗುಡುಗು. ಸಣ್ಣ ಸದ್ದು ಕೇಳಲ್ಲ. ಹೆಂಗಸರ ದನಿ, ಮಕ್ಕಳ ದನಿ. ಮಾತಿನಲ್ಲೂ ಸ, ತ, ಕ ಅಂಥ ಅಕ್ಷರ ಬಿಟ್ಟುಹೋಗುತ್ತೆ. ಮಾತು ಬರುತ್ತಿದೆ ಅಂತ ಗೊತ್ತಾಗುತ್ತೆ, ಏನು ಅಂತ ಬಿಡಿಸಿಕೊಳ್ಳೋಕೆ ಆಗಲ್ಲ. ಅಲ್ವಾ?"

"ಹಂಗೇ ಕಣ್ ತಾಯಿ" ಅಂದರು ಮಾವ. "ಹಂಗೇ."

"ವಯಸ್ಸಿಗೆ ಬರೋದು. ಹೋದದ್ದು ವಾಪಸ್ ಬರಲ್ಲ. ಯಂತ್ರ ಹಾಕಿದರೆ ಸಹಾಯ ಆಗುತ್ತೆ. ಎಷ್ಟು ವರ್ಷದಿಂದ ಹೀಗಿದೆ?"

ನಾವು ಅತ್ತೆ ತೀರಿಕೊಂಡಾಗಿನಿಂದ ಅಂತ ಬಾಯಿ ತೆರೆದಿದ್ದೆವು. ಮಾವ ಅಂದರು, "ಏಳೆಂಟು ವರ್ಷ ಆಯ್ತು. ನಮ್ ಮನೇವಳಿಗೊಬ್ಬಳಿಗೆ ಗೊತ್ತಿತ್ತು. ಯಾರೇನಂದ್ರೂ ಅವಳು ನನ್ ಮುಂದೆ ನಿಂತ್ಕಂಡು ಇನ್ನೊಂದು ಸಲ ಹೇಳೋಳು. ಜಗಳ ಆಡ್ದಂಗೆ ಹೇಳೋಳು, ಜನಕ್ಕೆ ಗೊತ್ತಾಗ್ದೇ ಇರ್ಲಿ ಅಂತ."

ಅತ್ತೆ! ಊರೆಲ್ಲ ಬಾಯಿಬಡುಕಿ ಅಂತ ಕರೆದಾಗ ಒಂದು ದಿನವೂ ಹೌದು ಅಲ್ಲ ಅನ್ನದೆ ಹೊತ್ತುಕೊಂಡಳಲ್ಲ ಆ ಮಹಾತಾಯಿ. ಗಂಡನ ಮರ್ಯಾದೆಗೆ ತನ್ನದನ್ನು ಕೊಟ್ಟವಳು. ಅವಳು ಹೋದ ಮೇಲೆ ಮಾವನಿಗೆ ಬುದ್ಧಿ ಕೆಟ್ಟಿರಲಿಲ್ಲ. ಹೇಳುವವರು ಇಲ್ಲದೆ ಹೋಗಿದ್ದರು.

"ನಮಗ್ಯಾಕಪ್ಪ ಹೇಳಿಲ್ಲ?" ಅಂತ ಯಜಮಾನರು ಕೇಳಿದರು, ಎದುರಿಗೆ ಬಗ್ಗಿ.

"ಕಿವುಡ ಅಂದ್ರೆ ಪಾಕಕ್ಕೆ ಯಾರ್ಲಾ ಕರೀತಾರೆ? ಅದೊಂದು ಕೈಲಿತ್ತು ನಂಗೆ. ಹೇಳ್ಲಿಲ್ಲ." ತಮ್ಮ ಅಂಗೈ ನೋಡಿಕೊಳ್ಳುತ್ತಾ, "ಅರಳುಮರಳು ಅಂದಾಗ ಒಂದೊಂದ್ ಸಲ ನಾನೂ ಹೌದೇನೋ ಅಂದ್ಕಂಬುಟ್ಟೆ ಕಣ್ಲಾ" ಅಂದರು.

ಕಿವಿಯ ಅಚ್ಚು ತೆಗೆದುಕೊಂಡು, ಅದು ಸಿದ್ಧವಾದ ಮೇಲೆ ಮತ್ತೊಮ್ಮೆ ಹೋಗಿ ಯಂತ್ರ ತಂದೆವು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅಂಗಿ ಜೇಬಿಗೆ ಸಿಕ್ಕಿಸುವುದು, ಒಂದು ತಂತಿ ಕಿವಿಗೆ. ಮನೆಗೆ ಬಂದು ಹಾಕಿದ ಮೊದಲ ದಿನವೇ ಕಿತ್ತಿಟ್ಟರು. ತಟ್ಟೆ ಇಟ್ಟರೆ ಸಿಡಿಲು, ಕಾಗೆ ಕೂಗಿದರೆ ತಲೆಯೊಳಗೇ ಕೂಗಿದ ಹಾಗೆ, ತಾವು ಅಗಿಯುವ ಸದ್ದೇ ಗಾಣದ ಸದ್ದು. ದಿನಾ ಅರ್ಧ ಗಂಟೆ, ಸದ್ದಿಲ್ಲದ ಕಡೆ, ಒಬ್ಬರೇ ಮಾತಾಡಿ, ಆಮೇಲೆ ಹೆಚ್ಚಿಸಿ ಅಂತ ಆ ಹುಡುಗಿ ಹೇಳಿಕಳಿಸಿದ್ದಳು. ಹಾಗೇ ಮಾಡಿದೆವು. ಮಧ್ಯಾಹ್ನ ಪಾತ್ರೆ ತೊಳೆಯುವ ಮೊದಲು ನಾನು ಎದುರು ಕೂತು ಅವರಿಗೆ ಪುರಾಣದ ಪುಸ್ತಕ ಓದುತ್ತಿದ್ದೆ. ಬೇಸರವಾದಾಗ ಅವರು ಡಬ್ಬಿಯ ಗುಂಡಿ ಆರಿಸಿ ಕಣ್ಣುಮುಚ್ಚಿ ಭಕ್ತಿಯಿಂದ ಕೇಳುವ ಹಾಗೆ ಕೂರುತ್ತಿದ್ದರು. ಒಂದೆರಡು ಸಲ ಸಿಕ್ಕಿಬಿದ್ದರು. ಅರವತ್ತೈದು ದಾಟಿದ ಮನುಷ್ಯ ಮಗುವಿನ ಹಾಗೆ ಹಲ್ಲು ಬಿಟ್ಟು, ಮತ್ತೆ ಗುಂಡಿ ಹಾಕಿ, "ಓದವ್ವ" ಅಂದರು. ಅಷ್ಟು ಹಟದಿಂದ ಕಲಿತವರನ್ನು ನಾನು ಕಂಡಿಲ್ಲ. ಒಂದು ತಿಂಗಳಾದ ಮೇಲೆ ಮಗಳು ಶಾಲೆಯ ಪದ್ಯ ಹೇಳುತ್ತಿದ್ದಾಗ ಅವರು ತಟ್ಟನೆ ಕತ್ತೆತ್ತಿ, "ನಿನ್ ದನಿ ಹಿಂಗಿದ್ದದಾ ಮಗ?" ಅಂದರು. ಅವಳು ಹೋಗಿ ತೊಡೆ ಮೇಲೆ ಕೂತಳು.

ಆದರೆ ಆಲೆಮನೆ ಇನ್ನೂ ಬಾಕಿ ಇತ್ತು. ಕಬ್ಬು ಕಟಾವಿಗೆ ಬಂದಾಗ ಯಜಮಾನರು, "ಮೊದಲ್ನೇ ಕೊಪ್ಪರಿಗೆ ನೀನೇ ನೋಡಪ್ಪ. ಆಮೇಲೆ ನೋಡವ" ಅಂದರು. ಬೇರೆ ಪಾಕದವರಿಗೆ ಹೇಳಿಯೂ ಇಟ್ಟಿದ್ದರು, ಅದೂ ನನಗೆ ಗೊತ್ತು. ಮಾವ ಅಟ್ಟದಿಂದ ಹುಟ್ಟು ಇಳಿಸಿದರು.

ಹೆಂಗಸರು ಕೊಪ್ಪರಿಗೆ ಹತ್ತಿರ ಹೋಗುವ ಪದ್ಧತಿ ಇಲ್ಲ. ಆದರೂ ಅವತ್ತು ನಾನು ಕಾಫಿ ಕ್ಯಾನು ನೆಪ ಮಾಡಿಕೊಂಡು ಹೋಗಿ ಕಂಬದ ಪಕ್ಕ ನಿಂತೆ. ಎಂಜಿನ್ ಬಡಿದುಕೊಳ್ಳುತ್ತಿತ್ತು. ಮಾವ ಡಬ್ಬಿಯನ್ನು ಜೇಬಿನಿಂದ ತೆಗೆದು, ತಂತಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಈ ಸದ್ನಲ್ಲಿ ಇದು ಬರೀ ಎಂಜಿನ್ನೇ ಕೇಳಿಸ್ತದೆ ಕಣವ್ವ. ಮಡಿಕ್ಕೊ."

ಆಮೇಲೆ ಒಲೆಯ ಗುಂಡಿಯ ಅಂಚಿಗೆ ಹೋದರು. ಅದೇ ಆಳು, ಹೋದ ವರ್ಷದವನು. ಸುತ್ತ ಗಾಣದವರು, ಕಬ್ಬು ತಂದವರು, ಊರಿನವರು ಹತ್ತಾರು ಜನ, ಇವತ್ತು ಏನಾಗುತ್ತದೋ ಅಂತ ನೋಡಲೆಂದೇ ಬಂದವರೂ ಇದ್ದರು. ಮಾವ ಅಷ್ಟು ಜನಕ್ಕೂ ಕೇಳುವ ಹಾಗೆ ಅಂದರು:

"ಲೋ, ನಂಗೆ ಕಿವಿ ಕೇಳಲ್ಲ ಕಣ್ಲಾ. ನೀನು ಹಿಂದ್ಗಡೆಯಿಂದ ಕೂಗಬ್ಯಾಡ. ಮ್ಯಾಕ್ ಬಂದು ನನ್ ಎದುರ್ಗೆ ನಿಂತ್ಕೊ. ಒಂದು ಬೆರಳು ಎತ್ತುದ್ರೆ ಉರಿ ಹಾಕು, ಕೈ ಮಡಚುದ್ರೆ ನಿಲ್ಸು. ನಾನು ಊಂ ಅಂದ್ರೆ ನಂಬಬ್ಯಾಡ, ಕೈ ನೋಡು."

ಎಂಟು ವರ್ಷ ಬಚ್ಚಿಟ್ಟ ಮಾತು. ಹೆಂಡತಿ ಜಗಳಗಂಟಿ ಅನ್ನಿಸಿಕೊಂಡು ಕಾಪಾಡಿದ ಮಾತು. ಯಾರೋ ಒಬ್ಬ ನಕ್ಕ. ಉಳಿದವರು ನಗಲಿಲ್ಲ. ಆ ಆಳು ಮೇಲಕ್ಕೆ ಬಂದು, "ಮೊದ್ಲೇ ಹೇಳ್ಬಾರ್ದಾ ಗೌಡ್ರೆ, ನಾನು ಹೋದ್ ವರ್ಷವೆಲ್ಲಾ ಸುಟ್ಟೋನು ನಾನೇ ಅಂತ ನಿದ್ದೆಗೆಟ್ಟಿದ್ದೆ" ಅಂದ. ಎದುರಿಗೆ ನಿಂತೇ ಅಂದ.

ನೊರೆ ಬಿಳಿಯಿಂದ ಹಳದಿಗೆ, ಹಳದಿಯಿಂದ ಜೇನಿನ ಬಣ್ಣಕ್ಕೆ ತಿರುಗಿತು. ಮಾವ ಒಂದು ಬೆರಳು ಎತ್ತಿದರು. ಸಿಪ್ಪೆ ಬಿತ್ತು. ಹುಟ್ಟು ಎತ್ತಿ ಎಳೆ ನೋಡಿದರು, ಇನ್ನೂ ಇಲ್ಲ. ನಾನು ಮನೆದೇವರ ಹೆಸರು ಹೇಳಿಕೊಳ್ಳುತ್ತಾ ನಿಂತೆ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಒತ್ತಿದರು. ಕೈ ಮಡಚಿದರು. ಆಳು ಉರಿ ಹಿಂದಕ್ಕೆಳೆದ. "ಇಳ್ಸಿ!"

ತೊಟ್ಟಿಗೆ ಸುರಿದಾಗ ಮೇಲೆದ್ದ ಹಬೆಯಲ್ಲಿ ಯಾರ ಮುಖವೂ ಕಾಣಲಿಲ್ಲ. ಹಬೆ ಇಳಿದಾಗ ಬೆಲ್ಲ ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕಿತ್ತು. ಯಜಮಾನರು ಅದನ್ನೇ ನೋಡಿದರು. ಬೇರೆ ಪಾಕದವರಿಗೆ ಬರಬೇಡಿ ಅಂತ ಅವತ್ತೇ ಹೇಳಿಕಳಿಸಿದರು.

ಮೊದಲ ತುಂಡನ್ನು ದೇವರಿಗೆ ಅಂತ ಎಲೆಯಲ್ಲಿ ತೆಗೆದಿಟ್ಟು, ಎರಡನೆಯದನ್ನು ಮಾವ ನನ್ನ ಕಡೆ ಚಾಚಿದರು. ನಾನು ಅಭ್ಯಾಸದಂತೆ ಸೆರಗು ಎಳೆದುಕೊಂಡು ಕಂಬದ ಮರೆಗೆ ಸರಿದಿದ್ದೆ.

"ಮರೇಲಿ ನಿಂತು ಗೊಣಗಬ್ಯಾಡ. ಈ ಕಡೀಕೆ ಬಂದು ಹೇಳವ್ವ, ಹೆಂಗದೆ?"

ಹೋಗಿ ಎದುರಿಗೆ ನಿಂತೆ. ಬೆಲ್ಲ ಬಾಯಲ್ಲಿ ಕರಗುವವರೆಗೂ ಅವರು ನನ್ನ ಮುಖ ನೋಡುತ್ತಾ ಕಾದರು.

"ಚೆನ್ನಾಗದೆ ಮಾವ" ಅಂದೆ, ಮೆಲ್ಲಗೆ, ಬಿಡಿಸಿ. ಅವರಿಗೆ ಕೇಳಿತು.